ಕ್ರೆಮಾ ಬೇಗ ಮಾಯವಾದರೆ ಕಾಫಿ ಹಳೆಯದು ಅಂತಲಾ?

ಪ್ರಶ್ನೆ: ಮನೆಯಲ್ಲಿ ಎಸ್ಪ್ರೆಸೊ ಮಷಿನ್ ಇದೆ. ಮೊದಲು ಅಂಗಡಿಯ ಬ್ಲೆಂಡ್ ಹಾಕುತ್ತಿದ್ದಾಗ ಮೇಲೆ ಕಂದು ನೊರೆ, ಅಂದರೆ ಕ್ರೆಮಾ, ದಪ್ಪಗೆ ಬರುತ್ತಿತ್ತು. ಈಗ ಜಾಸ್ತಿ ದುಡ್ಡು ಕೊಟ್ಟು ಚಿಕ್ಕಮಗಳೂರಿನ ಬರೀ ಅರೇಬಿಕಾ ಬೀಜ ತರಿಸಿದೆ. ಕ್ರೆಮಾ ತೆಳ್ಳಗೆ ಬಂದು ಒಂದೆರಡು ನಿಮಿಷದಲ್ಲಿ ಮಾಯ. ಹಳೇ ಸ್ಟಾಕ್ ಕೊಟ್ಟು ಟೋಪಿ ಹಾಕಿದರಾ, ಅಥವಾ ನಾನು ಶಾಟ್ ತೆಗೆಯುವುದೇ ಸರಿ ಇಲ್ವಾ?

ಟೋಪಿ ಹಾಕಿರಲಿಕ್ಕಿಲ್ಲ. ಬ್ಲೆಂಡ್ ಬಿಟ್ಟು ಬರೀ ಅರೇಬಿಕಾಕ್ಕೆ ಬಂದಿದ್ದೀರಲ್ಲ, ನೊರೆ ಇಳಿಯಲು ಅದೊಂದೇ ಕಾರಣ ಸಾಕು. ಹಳೇ ಸ್ಟಾಕ್ ಹೌದೋ ಅಲ್ಲವೋ ಅನ್ನುವುದನ್ನು ಪ್ಯಾಕೆಟ್ ಮೇಲಿನ ಹುರಿದ ತಾರೀಖು ಹೇಳುತ್ತದೆ. ಕ್ರೆಮಾ ಅದನ್ನು ಅರ್ಧಂಬರ್ಧ ಹೇಳುತ್ತದೆ ಅಷ್ಟೇ.

ಬೀಜ ಹುರಿಯುವಾಗ ಒಳಗೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಒಂದಷ್ಟು ಆಗಲೇ ಹೊರಟುಹೋಗುತ್ತದೆ, ಉಳಿದದ್ದು ಬೀಜದೊಳಗೆ ಸಿಕ್ಕಿಕೊಂಡು ದಿನಗಟ್ಟಲೆ, ವಾರಗಟ್ಟಲೆ ನಿಧಾನಕ್ಕೆ ಸೋರುತ್ತಾ ಇರುತ್ತದೆ. ಪ್ಯಾಕೆಟ್‌ಗೆ ಗುಂಡಗಿನ ಒಂದು ಚಿಕ್ಕ ವಾಲ್ವ್ ಇರುತ್ತದಲ್ಲ, ಅದು ಈ ಗ್ಯಾಸ್ ಹೊರಗೆ ಹೋಗಲಿ ಅಂತ ಇಟ್ಟಿರುವುದು. ಮಷಿನ್ ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರನ್ನು ಪುಡಿಯೊಳಗೆ ತಳ್ಳಿದಾಗ ಈ ಗ್ಯಾಸ್ ನೀರಿನಲ್ಲಿ ಕರಗುತ್ತದೆ. ಪುಡಿ ತುಂಬುವ ಬಾಸ್ಕೆಟ್‌ನ ತೂತು ದಾಟಿ ಹೊರಗೆ ಬಂದ ಕೂಡಲೇ ಒತ್ತಡ ಬಿದ್ದುಹೋಗುತ್ತದೆ, ಸೋಡಾ ಬಾಟಲಿ ಓಪನ್ ಮಾಡಿದ ಹಾಗೆ ಕರಗಿದ್ದೆಲ್ಲ ಗುಳ್ಳೆಯಾಗಿ ಹೊರಡುತ್ತದೆ. ಸೋಡಾದಲ್ಲಿ ಗುಳ್ಳೆ ನಿಲ್ಲುವುದಿಲ್ಲ. ಕಾಫಿಯಲ್ಲಿ ನಿಲ್ಲುತ್ತದೆ, ಯಾಕೆಂದರೆ ಹುರಿದಾಗ ಆಗುವ ಕಂದು ವಸ್ತುಗಳು (ಮೆಲನಾಯ್ಡಿನ್ ಅಂತಾರೆ), ಪ್ರೋಟೀನು, ಇವೆಲ್ಲ ಪ್ರತಿ ಗುಳ್ಳೆಯ ಸುತ್ತ ಒಂದು ತೆಳು ಪದರ ಕಟ್ಟುತ್ತವೆ. ಅದರ ಜೊತೆ ಎಣ್ಣೆಯ ಸಣ್ಣ ಹನಿಗಳು, ಫಿಲ್ಟರಿಗೂ ಸಿಗದ ನುಣುಪಾದ ಪುಡಿ. ಮೇಲೆ ಹುಲಿಪಟ್ಟೆಯಂಥ ಗೆರೆ ಕಾಣುತ್ತದಲ್ಲ, ಅದು ಆ ಪುಡಿಯಿಂದಲೇ.

ಒತ್ತಡ ಇಲ್ಲದಿದ್ದರೆ ಇದು ಯಾವುದೂ ಆಗುವುದಿಲ್ಲ. ಹಳೆಯ ಕಾಲದ ಹಬೆ ಮಷಿನ್‌ಗಳಲ್ಲಿ ಒಂದೂವರೆ ಬಾರ್ ಆಸುಪಾಸು ಒತ್ತಡ ಇರುತ್ತಿತ್ತು, ಕ್ರೆಮಾ ಇರಲಿಲ್ಲ. 1940ರ ದಶಕದ ಕೊನೆಗೆ ಮಿಲಾನ್‌ನ ಅಕಿಲೆ ಗಾಜಿಯಾ ಸ್ಪ್ರಿಂಗ್ ಇರುವ ಲಿವರ್ ಮಷಿನ್ ತಂದ ಮೇಲೇ ಇದು ಎಸ್ಪ್ರೆಸೊದ ಗುರುತಾಗಿದ್ದು. ನಮ್ಮ ಫಿಲ್ಟರ್ ಡಿಕಾಕ್ಷನ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಅದಕ್ಕೇ ಅದರಲ್ಲಿ ಕ್ರೆಮಾ ಇಲ್ಲ. ಲೋಟದಿಂದ ಲೋಟಕ್ಕೆ ಎತ್ತಿ ಸುರಿದಾಗ ಬರುವ ನೊರೆ ಹಾಲಿಗೆ ಸೇರಿದ ಗಾಳಿ, ಅದೇ ಬೇರೆ ವಿಷಯ.

ಇನ್ನು ಬೇಗ ಮಾಯವಾಗುವುದು. ಗುಳ್ಳೆಗಳ ನಡುವಿನ ದ್ರವ ಕೆಳಗೆ ಇಳಿಯುತ್ತಾ ಹೋಗುತ್ತದೆ, ಪದರ ತೆಳ್ಳಗಾಗುತ್ತದೆ. ಸಣ್ಣ ಗುಳ್ಳೆಯೊಳಗೆ ಒತ್ತಡ ಜಾಸ್ತಿ, ಹಾಗಾಗಿ ಅದರ ಗ್ಯಾಸ್ ಪದರ ದಾಟಿ ಪಕ್ಕದ ದೊಡ್ಡ ಗುಳ್ಳೆಗೆ ಸೇರುತ್ತದೆ. ಚಿಕ್ಕದು ಸಾಯುತ್ತದೆ, ದೊಡ್ಡದು ಇನ್ನೂ ದೊಡ್ಡದಾಗಿ ಒಡೆಯುತ್ತದೆ. ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ನೈಟ್ರೋಜನ್‌ಗಿಂತ ಹತ್ತಾರು ಪಟ್ಟು ಹೆಚ್ಚು ಕರಗುವುದರಿಂದ ಈ ದಾಟುವಿಕೆ ತುಂಬಾ ಚುರುಕು. ನೈಟ್ರೋಜನ್ ತುಂಬಿದ ಕೋಲ್ಡ್ ಬ್ರೂ ನೊರೆ ಅಷ್ಟು ಹೊತ್ತು ನಿಲ್ಲುವುದಕ್ಕೆ ಇದೂ ಒಂದು ಕಾರಣ. ಮೇಲಿಂದ ಎಣ್ಣೆ ಬೇರೆ, ನೊರೆಗೆ ಅದು ಶತ್ರು. ಅರೇಬಿಕಾ ಬೀಜದಲ್ಲಿ ಎಣ್ಣೆ ಹೆಚ್ಚುಕಡಿಮೆ 15%, ರೋಬಸ್ಟಾದಲ್ಲಿ ಸುಮಾರು 10%. ಆದ್ದರಿಂದ ಒಂದೆರಡು ನಿಮಿಷದಲ್ಲಿ ತೆಳ್ಳಗಾಯಿತು ಅಂದರೆ ಅರೇಬಿಕಾ ಮಟ್ಟಿಗೆ ಅದು ರೋಗ ಅಲ್ಲ.

ರೋಬಸ್ಟಾ ಕ್ರೆಮಾ ದಪ್ಪ, ಗಟ್ಟಿ, ಹೊತ್ತು ನಿಲ್ಲುತ್ತದೆ. ಇಟಲಿಯವರು ನಮ್ಮ ರೋಬಸ್ಟಾ ಕೊಂಡು ಎಸ್ಪ್ರೆಸೊ ಬ್ಲೆಂಡ್‌ಗೆ ಸೇರಿಸುವುದರ ಹಿಂದೆ ಬಾಯಿಗೆ ಸಿಗುವ ತೂಕ, ಕ್ರೆಮಾ ಎರಡೂ ಇವೆ. ಭಾರತದ ಕಾಫಿ ಅತಿ ಹೆಚ್ಚು ಹೋಗುವುದು ಇಟಲಿಗೇ, ಅದರಲ್ಲಿ ಕೊಡಗಿನ ತೋಟಗಳ ಪಾಲು ದೊಡ್ಡದು. ನಿಮ್ಮ ಹಳೆಯ ಬ್ಲೆಂಡ್‌ನಲ್ಲೂ 20-30% ರೋಬಸ್ಟಾ ಇದ್ದಿದ್ದರೆ ಆಶ್ಚರ್ಯ ಇಲ್ಲ, ಪ್ಯಾಕೆಟ್ ಸಿಕ್ಕರೆ ತಿರುಗಿಸಿ ನೋಡಿ.

ತಾಜಾತನದ ವಿಷಯಕ್ಕೆ ಬರೋಣ. ಗ್ಯಾಸ್ ಉಳಿದಿದ್ದರೆ ಕ್ರೆಮಾ ಬರುತ್ತದೆ, ಪೂರ್ತಿ ಹೋಗಿದ್ದರೆ ಬರಲ್ಲ. ಅಷ್ಟು ನಿಜ. ಹೊಸದಾಗಿ ಪುಡಿ ಮಾಡಿದ ಕಾಫಿಯಲ್ಲಿ ಏನೂ ನೊರೆ ಇಲ್ಲದೆ ಕಪ್ಪು ದ್ರವ ಮಾತ್ರ ಇಳಿದರೆ ಬೀಜ ತಿಂಗಳುಗಟ್ಟಲೆ ಹಳೆಯದು, ಅಥವಾ ಪ್ಯಾಕೆಟ್ ತೆರೆದು ಹಾಗೇ ಬಿಟ್ಟದ್ದು ಅಂತ ಅನುಮಾನ ಪಡಬಹುದು. ಆದರೆ ಜಾಸ್ತಿ ಕ್ರೆಮಾ ಅಂದರೆ ಜಾಸ್ತಿ ಒಳ್ಳೆಯದು ಅಂತ ಉಲ್ಟಾ ಹೇಳಲು ಬರುವುದಿಲ್ಲ. ನಿನ್ನೆ ಹುರಿದ ಬೀಜ ಹಾಕಿ ನೋಡಿ: ಕಪ್ ತುಂಬ ತಿಳಿ ಬಣ್ಣದ, ದೊಡ್ಡ ದೊಡ್ಡ ಗುಳ್ಳೆಯ ಬುರುಗು ಬಂದು ಸರ್ರನೆ ಇಳಿಯುತ್ತದೆ. ಗ್ಯಾಸ್ ನೀರಿಗೆ ಅಡ್ಡ ನಿಲ್ಲುವುದರಿಂದ ಪುಡಿ ಸಮನಾಗಿ ನೆನೆಯುವುದಿಲ್ಲ, ರುಚಿ ಹುಳಿಹುಳಿ, ಚೂಪು. ಅದಕ್ಕೇ ಎಸ್ಪ್ರೆಸೊಗೆ ಹುರಿದು ಒಂದು ವಾರ, ಕಡಿಮೆ ಹುರಿದಿದ್ದರೆ ಹತ್ತು ದಿನ ಬಿಟ್ಟು ತೆರೆಯಿರಿ ಅನ್ನುವುದು.

ಎಕ್ಸ್‌ಟ್ರಾಕ್ಷನ್, ಅಂದರೆ ಪುಡಿಯಿಂದ ಸತ್ವ ಎಷ್ಟು ಇಳಿಯಿತು ಅನ್ನುವುದರ ಬಗ್ಗೆ ಮಾತ್ರ ಕ್ರೆಮಾವನ್ನು ಬಹಳ ನಂಬಬೇಡಿ. ಒಂದು ಲೆಕ್ಕ ಹೇಳುತ್ತೇನೆ. 18 ಗ್ರಾಂ ಪುಡಿ ಹಾಕಿ, 28 ಸೆಕೆಂಡಿನಲ್ಲಿ 36 ಗ್ರಾಂ ಇಳಿಸುವುದು ಒಂದು ಮಾಮೂಲಿ ಅಳತೆ. ಈಗ ರೋಬಸ್ಟಾ ಇರುವ ತಾಜಾ ಬ್ಲೆಂಡನ್ನು ಸ್ವಲ್ಪ ತರಿಯಾಗಿ ಪುಡಿ ಮಾಡಿ ಅದೇ 36 ಗ್ರಾಂ ಅನ್ನು 14 ಸೆಕೆಂಡಿಗೇ ಇಳಿಸಿ. ಸತ್ವ ಪುಡಿಯಲ್ಲೇ ಉಳಿದಿರುತ್ತದೆ, ಕುಡಿದರೆ ನೀರುನೀರು, ಆದರೂ ಮೇಲೆ ನೋಡಲು ಚೆಂದದ ಕ್ರೆಮಾ ಇರುತ್ತದೆ. ಇನ್ನೊಂದು ಕಡೆ ಐದು ವಾರದ ಅರೇಬಿಕಾ. ಗ್ಯಾಸ್ ಕಡಿಮೆ, ಹಾಗಾಗಿ ಅದೇ ಗ್ರೈಂಡ್‌ನಲ್ಲಿ ಬೇಗ ಹರಿಯುತ್ತದೆ, ಗ್ರೈಂಡರ್‌ನಲ್ಲಿ ಒಂದೆರಡು ಗೆರೆ ನುಣ್ಣಗೆ ಮಾಡಿ 28 ಸೆಕೆಂಡಿಗೆ ತಂದರೆ ತೆಳು ಕ್ರೆಮಾದ ಕೆಳಗೆ ಸಿಹಿಯಾದ, ತೂಕದ ಕಾಫಿ ಸಿಗಬಹುದು. ತೀರಾ ಬಿಳಚಿದ ಕ್ರೆಮಾ ಬೇಗ ಹರಿದದ್ದರ ಸೂಚನೆ, ಕಡುಕಂದು ಬಣ್ಣದ್ದು ಜಾಸ್ತಿ ಎಳೆದದ್ದರ ಸೂಚನೆ ಅನ್ನುವುದು ಸುಳ್ಳಲ್ಲ, ಆದರೆ ಎಷ್ಟು ಹುರಿದಿದ್ದಾರೆ ಅನ್ನುವುದೂ ಅದೇ ಬಣ್ಣ ಬದಲಿಸುತ್ತದೆ.

ಗ್ಲಾಸಿನ ಗೆರೆ ನೋಡಿ ಶಾಟ್ ನಿಲ್ಲಿಸುತ್ತಿದ್ದರೆ ಅದನ್ನು ಇವತ್ತೇ ಬಿಡಿ. ಬ್ಲೆಂಡ್ ಹಾಕಿದಾಗ ಗೆರೆಯವರೆಗೆ ಬಂದದ್ದರಲ್ಲಿ ಒಂದಷ್ಟು ಬರೀ ಗ್ಯಾಸ್. ಈಗಿನ ಬೀಜದಲ್ಲಿ ಅದೇ ಗೆರೆ ಮುಟ್ಟಿದರೆ ಕಪ್ಪಿನಲ್ಲಿ ದ್ರವ ಜಾಸ್ತಿ ಬಿದ್ದಿರುತ್ತದೆ, ನೀರಾಯಿತು ಅನ್ನಿಸುತ್ತದೆ, ಬೀಜದ ಮೇಲೆ ಗೂಬೆ ಕೂರಿಸುತ್ತೇವೆ. ಕಪ್ ಕೆಳಗೆ ಒಂದು ಚಿಕ್ಕ ತಕ್ಕಡಿ ಇಡಿ, ಗ್ರಾಂ ನೋಡಿ ನಿಲ್ಲಿಸಿ.

ಇನ್ನೊಂದು, ಮಷಿನ್‌ಗೆ ಸಿಕ್ಕಿಸುವ ಹಿಡಿಯ, ಅಂದರೆ ಪೋರ್ಟಾಫಿಲ್ಟರ್‌ನ ಬಾಸ್ಕೆಟ್ ತೆಗೆದು ತಳ ನೋಡಿ. ಹೊರಗೆ ಒಂದೇ ಒಂದು ಸೂಜಿಮೊನೆಯಷ್ಟು ತೂತು ಇದ್ದರೆ ಅದು ಎರಡು ಗೋಡೆಯ ಬಾಸ್ಕೆಟ್. ಅದು ಕಾಫಿಯನ್ನು ಆ ತೂತಿನಲ್ಲಿ ಚಿಮ್ಮಿಸಿ ಹಳೆಯ ಪುಡಿಗೂ ನೊರೆ ಕಟ್ಟಿಸುತ್ತದೆ. ಅದರ ನೊರೆ ನೋಡಿ ತಾಜಾತನವನ್ನಾಗಲಿ ಗ್ರೈಂಡನ್ನಾಗಲಿ ಅಳೆಯಲು ಆಗುವುದಿಲ್ಲ.

ಮೊದಲು 18ಕ್ಕೆ 36 ಗ್ರಾಂ ತೂಗಿ ತೆಗೆಯಿರಿ, ಚಮಚದಲ್ಲಿ ಕಲಕಿ, ಆಮೇಲೆ ಕುಡಿಯಿರಿ. ಕಲಕುವುದು ಮುಖ್ಯ, ಕ್ರೆಮಾವನ್ನಷ್ಟೇ ನೆಕ್ಕಿದರೆ ಕಹಿ, ಬೂದಿಬೂದಿ. ಹುಳಿ ಇದ್ದರೆ ನುಣ್ಣಗೆ ಮಾಡಿ, ನಾಲಗೆ ಒಣಗುವ ಕಹಿ ಇದ್ದರೆ ಸ್ವಲ್ಪ ತರಿ. ಎರಡೂ ಮಾಡಿದ ಮೇಲೂ ರಟ್ಟಿನ ರುಚಿ ಬಂದರೆ ಆಗ ಹುರಿದ ತಾರೀಖು ಹಿಡಿದು ಅಂಗಡಿಯವರನ್ನು ಕೇಳಿ.