ಸಂಕ್ರಾಂತಿ ಜನವರಿ 14ರಿಂದ ಸರಿಯುವುದೇಕೆ?

“ಮಕರ ಸಂಕ್ರಾಂತಿ ಸೌರಮಾನದ ಹಬ್ಬವಲ್ಲವೇ? ಹಾಗಿದ್ದರೂ 14ರಿಂದ 15ಕ್ಕೆ ಹೋಗುತ್ತಿರುವುದೇಕೆ? ಪಂಚಾಂಗದವರ ಲೆಕ್ಕ ತಪ್ಪೇ?”

ಲೆಕ್ಕ ತಪ್ಪಿದ್ದು ಪಂಚಾಂಗದವರದಲ್ಲ, ನನ್ನದು. ನಮ್ಮ ನಿವಾಸಿಗಳ ಸಂಘದ ಕ್ಯಾಲೆಂಡರನ್ನು ಸಿದ್ಧಪಡಿಸುವಾಗ, 2023 ಮತ್ತು 2024ರಲ್ಲಿ ಹಬ್ಬ 15ಕ್ಕೆ ಬಂದುದನ್ನು ಕಂಡು, ಭೂಮಿಯ ಅಕ್ಷದ ತೂಗಾಟದಿಂದಾಗುವ ಅಯನಚಲನೆಯಿಂದ ದಿನಾಂಕ ಇನ್ನು ಮುಂದಕ್ಕೆ ಸರಿದೇಬಿಟ್ಟಿತೆಂದು ತೀರ್ಮಾನಿಸಿ 2025ಕ್ಕೂ 15 ಎಂದೇ ಅಚ್ಚು ಹಾಕಿಸಿದೆ. ಹಬ್ಬ 14ಕ್ಕೇ ಬಂತು. ಪ್ರತಿಯೊಂದು ಪ್ರತಿಗೂ ತಿದ್ದುಪಡಿಯ ಚೀಟಿ ಅಂಟಿಸುವ ಖರ್ಚು ನನ್ನ ತಲೆಗೇ ಬಿತ್ತು.

ನಾನು ಬೇರೆಬೇರೆಯಾದ ಎರಡು ಚಲನೆಗಳನ್ನು ಒಂದೆಂದು ಭಾವಿಸಿದ್ದೆ. ಸೂರ್ಯ ಅದೇ ನಕ್ಷತ್ರದ ನೇರಕ್ಕೆ ಮರಳಲು 365 ದಿನ, 6 ಗಂಟೆ, 9 ನಿಮಿಷ ಬೇಕು. ಹೀಗಾಗಿ ಮಕರ ಪ್ರವೇಶದ ಕ್ಷಣ ವರ್ಷಕ್ಕೆ ಸುಮಾರು ಆರು ಗಂಟೆ ತಡವಾಗುತ್ತಾ ಹೋಗಿ, ಅಧಿಕ ವರ್ಷದ ಫೆಬ್ರುವರಿ 29 ಬಂದೊಡನೆ ಒಂದು ದಿನ ಹಿಂದಕ್ಕೆ ಜಿಗಿಯುತ್ತದೆ. 2021ರಲ್ಲಿ ಪ್ರವೇಶ 14ರ ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಆಯಿತು, 2022ರಲ್ಲಿ ಮಧ್ಯಾಹ್ನ. 2023ರಲ್ಲಿ ರಾತ್ರಿಯಾದ್ದರಿಂದ ಹಬ್ಬವನ್ನು ಮರುದಿನ ಆಚರಿಸಿದೆವು. 2024ರಲ್ಲಿ ಅದು 15ರ ನಸುಕಿಗೆ ಬಿತ್ತು, 2025ರಲ್ಲಿ ಮತ್ತೆ 14ರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಬಂತು. ನಾನು ಕಂಡದ್ದು ಈ ನಾಲ್ಕು ವರ್ಷದ ಓಲಾಟವನ್ನು. ನಿಜವಾದ ಸರಿತವೆಂದರೆ 2021ಕ್ಕೂ 2025ಕ್ಕೂ ನಡುವೆ ಉಳಿದ ಅರ್ಧ ಗಂಟೆಯಷ್ಟೇ. ಸರಾಸರಿಯಲ್ಲಿ ನಾಲ್ಕು ವರ್ಷಕ್ಕೆ 37 ನಿಮಿಷ.

ಶತಮಾನಗಳ ಸರಿತಕ್ಕೆ ಕಾರಣ ಭೂಮಿಯ ಅಕ್ಷ. ಅದು ಸುಮಾರು 25,800 ವರ್ಷಕ್ಕೊಂದು ಸುತ್ತು ತೂಗಾಡುತ್ತಾ ತಿರುಗುವುದರಿಂದ ಹಗಲು ರಾತ್ರಿ ಸಮವಾಗುವ ದಿನ ಸೂರ್ಯನಿರುವ ವಿಷುವದ್ಬಿಂದು ನಕ್ಷತ್ರಗಳ ನಡುವೆ ಪಶ್ಚಿಮಕ್ಕೆ ಜಾರುತ್ತದೆ, ಋತುಗಳ ವರ್ಷ ನಕ್ಷತ್ರಗಳ ವರ್ಷಕ್ಕಿಂತ 20 ನಿಮಿಷ ಮೊದಲೇ ಮುಗಿಯುತ್ತದೆ. ಜನವರಿ ಋತುವಿಗೆ ಕಟ್ಟುಬಿದ್ದಿದೆ, ನಮ್ಮ ಸಂಕ್ರಾಂತಿ ನಕ್ಷತ್ರಕ್ಕೆ. ಎರಡೂ ಸೌರವೇ. ಆದ್ದರಿಂದ ಸರಿಯುತ್ತಿರುವುದು ಹಬ್ಬವೆಂಬ ನಿಮ್ಮ ಊಹೆಯನ್ನೇ ನಾನು ಒಪ್ಪುವುದಿಲ್ಲ: ಅದು ನಕ್ಷತ್ರಗಳ ನಡುವೆ ನಿಂತಲ್ಲೇ ನಿಂತಿದೆ, ಋತುಗಳು ಅದರ ಕೆಳಗಿನಿಂದ ಜಾರುತ್ತಿವೆ.

ಶತಮಾನಗಳ ಸರಾಸರಿಯಲ್ಲಿ ಅಂತರ ಸುಮಾರು 72 ವರ್ಷಕ್ಕೆ ಒಂದು ದಿನ. ನಾಲ್ಕು ವರ್ಷಕ್ಕೆ 37 ನಿಮಿಷ ಎಂಬ ಲೆಕ್ಕಕ್ಕಿಂತ ಇದು ಹೆಚ್ಚಾಗುವುದು, 2100ರಂಥ ವರ್ಷಗಳಲ್ಲಿ ಫೆಬ್ರುವರಿ 29 ಇಲ್ಲದೆ ಹಿಂದಕ್ಕೆ ಜಿಗಿತ ತಪ್ಪುವುದರಿಂದ. ವಿವೇಕಾನಂದರು ಹುಟ್ಟಿದ 1863ರ ಸಂಕ್ರಾಂತಿ ಜನವರಿ 12ರಂದು ಇತ್ತು. ಬಂಗಾಳದ ಅಂದಿನ ಪಂಚಾಂಗ ಅನುಸರಿಸುತ್ತಿದ್ದ ಸೂರ್ಯಸಿದ್ಧಾಂತವೆಂಬ ಪ್ರಾಚೀನ ಖಗೋಳಗ್ರಂಥದ ವರ್ಷ ಇನ್ನೂ ತುಸು ಉದ್ದವಾದ್ದರಿಂದ ಅದರ ಸರಿತ ಸ್ವಲ್ಪ ವೇಗದ್ದು. ವಿಷುವದ್ಬಿಂದು ಹೀಗೆ ಜಾರಿದ ದೂರವನ್ನು ಅಳೆಯುವ ಲಾಹಿರಿ ಅಯನಾಂಶ ಈಗ 24 ಅಂಶಕ್ಕಿಂತ ತುಸು ಹೆಚ್ಚು, ಕ್ರಿ.ಶ. 285ರ ಸುಮಾರಿಗೆ ಅದು ಸೊನ್ನೆಯಾಗಿದ್ದಾಗ ಸಂಕ್ರಾಂತಿಯೂ ಉತ್ತರಾಯಣವೂ ಒಂದೇ ದಿನ ಬರುತ್ತಿದ್ದವು. ಈಗ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಜನವರಿಯ ಹಬ್ಬವನ್ನು ಉತ್ತರಾಯಣದ ಆರಂಭವೆನ್ನುವುದನ್ನು ಬಿಟ್ಟುಬಿಡಿ. ಹಬ್ಬವನ್ನು ಡಿಸೆಂಬರಿಗೆ ಎಳೆಯುವುದಂತೂ ಬೇಡ, ಎಳೆದರೆ ಸೂರ್ಯ ಧನು ರಾಶಿಯಲ್ಲಿರುವಾಗಲೇ ಮಕರ ಸಂಕ್ರಾಂತಿ ಆಚರಿಸಿದಂತಾಗುತ್ತದೆ.

ಕ್ಯಾಲೆಂಡರ್ ಅಚ್ಚು ಮಾಡುವುದಿದ್ದರೆ ದಿನಾಂಕವನ್ನು ಊಹಿಸದೆ, ಆಯಾ ವರ್ಷದ ಪ್ರವೇಶದ ಗಂಟೆಯನ್ನು ನೋಡಿಕೊಳ್ಳಿ. 2100ರಲ್ಲಿ ಫೆಬ್ರುವರಿ 29 ಇರುವುದಿಲ್ಲವಾದ್ದರಿಂದ ಹಿಂಜಿಗಿತ ತಪ್ಪಿ, 2102ರಲ್ಲಿ ಮಕರ ಪ್ರವೇಶ ಜನವರಿ 16ರ ನಸುಕಿಗೆ ಬರುತ್ತದೆ.