ಜೀಬ್ರಾದ ಪಟ್ಟೆ ಯಾರಿಂದ ರಕ್ಷಣೆ?

ಪ್ರಶ್ನೆ: ಜೀಬ್ರಾಕ್ಕೆ ಪಟ್ಟೆ ಇರುವುದು ಸಿಂಹದಿಂದ ಅಡಗಿಕೊಳ್ಳಲು ಎಂದು ಶಾಲೆಯಲ್ಲಿ ಓದಿದ್ದೆ. ಈಗ ಅದು ನೊಣ ಓಡಿಸಲು ಎನ್ನುತ್ತಾರೆ. ಇದನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ? ಹಾಗಿದ್ದರೆ ನಮ್ಮ ಎಮ್ಮೆಗಳಿಗೂ ಪಟ್ಟೆ ಬಳಿಯಬಹುದೇ?
– ಓದುಗರೊಬ್ಬರು, ಶಿಗ್ಗಾವಿ, ಹಾವೇರಿ ಜಿಲ್ಲೆ

ಉತ್ತರ: ಪರೀಕ್ಷಿಸಿದ್ದಾರೆ, ಮತ್ತು ಈವರೆಗಿನ ಪುರಾವೆ ನೊಣದ ಕಡೆಗೇ ಹೆಚ್ಚು ವಾಲುತ್ತದೆ. ಅವುಗಳಲ್ಲಿ ನನಗೆ ಅತ್ಯಂತ ಮನದಟ್ಟಾಗುವುದು ಟಿಮ್ ಕ್ಯಾರೊ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗ. ಒಂದೇ ಕಡೆ ಸಾಕಿದ್ದ ಜೀಬ್ರಾ ಮತ್ತು ಕುದುರೆಗಳ ಬಳಿ ನಿಂತು, ರಕ್ತ ಹೀರುವ ದಪ್ಪ ಕುದುರೆನೊಣಗಳ ವರ್ತನೆಯನ್ನು ಅವರು ಗಮನಿಸಿದರು. ಎರಡೂ ಪ್ರಾಣಿಗಳ ಸುತ್ತ ನೊಣಗಳು ಸುಮಾರು ಸಮನಾಗಿಯೇ ಸುಳಿದಾಡಿದವು. ಆದರೆ ಕುದುರೆಯ ಮೇಲೆ ಕುಳಿತಷ್ಟರ ಕಾಲು ಭಾಗದಷ್ಟು ಮಾತ್ರ ಜೀಬ್ರಾದ ಮೇಲೆ ಕುಳಿತವು. ಅಂದರೆ ಪಟ್ಟೆಗಳು ನೊಣವನ್ನು ದೂರದಿಂದ ಓಡಿಸುವುದಿಲ್ಲ, ಹತ್ತಿರ ಬಂದಾಗ ಇಳಿಯಲು ಬಿಡುವುದಿಲ್ಲ. ಕುಳಿತುಕೊಳ್ಳುವ ಮುನ್ನ ನೊಣ ವೇಗ ತಗ್ಗಿಸಬೇಕು. ಜೀಬ್ರಾದ ಬಳಿ ಅವು ಹಾಗೆ ಮಾಡದೆ ಮೈಗೆ ಬಡಿದು ಪುಟಿದದ್ದು ಅಥವಾ ಮೇಲೆಯೇ ಹಾರಿಹೋದದ್ದು ವಿಡಿಯೊದಲ್ಲಿ ಕಂಡಿತು.

ಆದರೆ ಇದು ಜೀಬ್ರಾದ ವಾಸನೆಯ ಪರಿಣಾಮವೂ ಆಗಿರಬಹುದಲ್ಲವೇ? ಆ ಸಂಶಯ ಕಳೆಯಲು ಅವರು ಕುದುರೆಗಳಿಗೇ ಕಪ್ಪು, ಬಿಳಿ ಮತ್ತು ಪಟ್ಟೆಯ ಹೊದಿಕೆಗಳನ್ನು ಸರದಿಯಂತೆ ತೊಡಿಸಿದರು. ಪಟ್ಟೆಯ ಹೊದಿಕೆಯ ಮೇಲೆ ನೊಣ ಕುಳಿತದ್ದು ಬಹಳ ಕಡಿಮೆ. ಹೊದಿಕೆಯಿಲ್ಲದ ತಲೆಯ ಮೇಲೆ ಮಾತ್ರ ಯಾವ ಹೊದಿಕೆಯಿದ್ದಾಗಲೂ ವ್ಯತ್ಯಾಸ ಕಾಣಲಿಲ್ಲ. ಪ್ರಾಣಿ ಅದೇ, ವಾಸನೆಯೂ ಅದೇ, ಬದಲಾದದ್ದು ವಿನ್ಯಾಸವೊಂದೇ. ಪಟ್ಟೆಗಳು ನೊಣದ ಕಣ್ಣನ್ನು ಯಾವ ಬಗೆಯಲ್ಲಿ ತಪ್ಪಿಸುತ್ತವೆ ಎಂಬುದು ಇನ್ನೂ ಚರ್ಚೆಯಲ್ಲಿದೆ.

ಸಿಂಹದ ವಾದ ಇಷ್ಟು ಗಟ್ಟಿಯಾಗಿ ನಿಂತಿಲ್ಲ. ಸಿಂಹದ ದೃಷ್ಟಿಸಾಮರ್ಥ್ಯವನ್ನು ಆಧರಿಸಿ 2016ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಹಗಲಿನಲ್ಲೇ ಸುಮಾರು 50 ಮೀಟರಿನಾಚೆ ಅದಕ್ಕೆ ಪಟ್ಟೆಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಅದಕ್ಕಿಂತ ಹತ್ತಿರ ಬರುವಷ್ಟರಲ್ಲಿ ಜೀಬ್ರಾದ ವಾಸನೆಯೋ ಸದ್ದೋ ಸಿಂಹಕ್ಕೆ ಸಿಕ್ಕಿರುವ ಸಾಧ್ಯತೆಯೇ ಹೆಚ್ಚು. ಕಪ್ಪು-ಬಿಳಿ ಪಟ್ಟೆಗಳ ನಡುವೆ ಗಾಳಿ ಸುಳಿದು ಮೈ ತಂಪಾಗುತ್ತದೆ ಎಂಬ ವಾದವನ್ನು ಹಂಗೆರಿಯ ಸಂಶೋಧಕರು ನೀರು ತುಂಬಿದ ಪೀಪಾಯಿಗಳಿಗೆ ಚರ್ಮ ಹೊದಿಸಿ, ಬಿಸಿಲಲ್ಲಿಟ್ಟು ಪರೀಕ್ಷಿಸಿದರು. ಪಟ್ಟೆಯ ಪೀಪಾಯಿಯ ನೀರು ಬೂದು ಬಣ್ಣದ್ದಕ್ಕಿಂತ ತಂಪಾಗಿರಲಿಲ್ಲ. ಆದರೆ ಪೀಪಾಯಿ ಬೆವರುವುದಿಲ್ಲವಾದ್ದರಿಂದ ಈ ವಾದವನ್ನು ಪೂರ್ತಿ ಮುಚ್ಚಿಹಾಕುವುದು ಸರಿಯಲ್ಲ.

ಇನ್ನು ನಿಮ್ಮ ಎಮ್ಮೆಗಳ ಮಾತು. ಜಪಾನಿನಲ್ಲಿ ಆರು ಕಪ್ಪು ಹಸುಗಳ ಮೇಲೆ ಬಿಳಿ ಪಟ್ಟೆ ಬಳಿದಾಗ ಕಚ್ಚುವ ನೊಣಗಳು ಸುಮಾರು ಅರ್ಧಕ್ಕೆ ಇಳಿದವು. ಅವೇ ಹಸುಗಳಿಗೆ ಕಪ್ಪು ಬಣ್ಣದ ಪಟ್ಟೆ ಬಳಿದಾಗ ಪ್ರಯೋಜನವಾಗಲಿಲ್ಲ, ಆದ್ದರಿಂದ ಕೆಲಸ ಮಾಡಿದ್ದು ಬಣ್ಣದ ವಾಸನೆಯಲ್ಲ. ಧಾರವಾಡಿ ಎಮ್ಮೆಯ ಮೈಯೂ ಕಪ್ಪೇ, ಆದರೆ ಕೆಸರಿಗಿಳಿದರೆ ಪಟ್ಟೆ ಉಳಿಯದು. ಹಾಲು ಹೆಚ್ಚುತ್ತದೆಯೇ ಎಂಬುದನ್ನು ಆ ಪ್ರಯೋಗದಲ್ಲಿ ಅಳೆದಿಲ್ಲ. ಆದ್ದರಿಂದ ಆ ನಿರೀಕ್ಷೆಯಿಂದ ಬಣ್ಣಕ್ಕೆ ಹಣ ಹಾಕಬೇಡಿ.