ಚೆಂಡಿಗೆ ಹೆದರುವ ಮಗುವಿಗೆ ಹಿಡಿಯುವ ಆಟ

ಪ್ರಶ್ನೆ: ಆರು ವರ್ಷದ ಮಗಳು ಚೆಂಡು ಎಸೆದರೆ ಮುಖ ತಿರುಗಿಸುತ್ತಾಳೆ. ಮಡಿಕೇರಿಯ ಮಳೆಗಾಲದಲ್ಲಿ ಮನೆಯೊಳಗೇ ಹಿಡಿಯುವುದನ್ನು ಕಲಿಸುವುದು ಹೇಗೆ?

ಉತ್ತರ: ಸದ್ಯಕ್ಕೆ ಚೆಂಡನ್ನು ಎತ್ತಿಡಿ. ಪೆಟ್ಟು ಬಿದ್ದೀತೆಂದು ಮುಖ ತಿರುಗಿಸಿದಾಗ ಕಣ್ಣು ಚೆಂಡನ್ನು ಬಿಟ್ಟುಬಿಡುತ್ತದೆ. ‘ಹೆದರಬೇಡ’ ಎಂದರೆ ಅದು ಸರಿಹೋಗದು. ಜಗಲಿಯಲ್ಲಿ ಬಲೂನನ್ನು ಮೇಲಕ್ಕೆ ತಟ್ಟಿ, ನೆಲ ಮುಟ್ಟುವ ಮೊದಲು ಹಿಡಿಯಲು ಹೇಳಿ. ಅದು ತೇಲುತ್ತಾ ಇಳಿಯುವುದರಿಂದ ಕೈ ಚಾಚಲು ಸಮಯ ಸಿಗುತ್ತದೆ. (ಒಡೆದರೆ ಚೂರುಗಳನ್ನು ತಕ್ಷಣ ಆರಿಸಿ, ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ.)

ಮುಖ ತಿರುಗಿಸುವುದು ನಿಂತ ಮೇಲೆ ಹಳೆಯ ಕಾಲುಚೀಲಗಳ ಉಂಡೆ ಕಟ್ಟಿ, ಎರಡು ಹೆಜ್ಜೆ ದೂರದಿಂದ ಕೆಳಗೈಯಲ್ಲಿ ಎದೆಯ ಮಟ್ಟಕ್ಕೆ ಎಸೆಯಿರಿ. ವಿರಾಜಪೇಟೆಯಲ್ಲಿರುವ ನನ್ನ ತಂಗಿಯ ಮಗ ಮೊದಮೊದಲು ಉಂಡೆಯನ್ನು ಎರಡೂ ತೋಳುಗಳಿಂದ ಎದೆಗೆ ಅವುಚಿಕೊಳ್ಳುತ್ತಿದ್ದ. ಈ ವಯಸ್ಸಿಗೆ ಅದು ತಪ್ಪಲ್ಲ. ಉಂಡೆಗೆ ಕೆಂಪು ದಾರ ಕಟ್ಟಿ, ‘ದಾರ ಎತ್ತ ಹಾರಿತು?’ ಎಂದು ಕೇಳತೊಡಗಿದೆವು. ನೋಟ ನೆಟ್ಟಿತು, ನಿಧಾನವಾಗಿ ಅಂಗೈಗಳೂ ಮುಂದೆ ಬಂದವು. ಆಮೇಲೆ ರಬ್ಬರ್ ಚೆಂಡನ್ನು ಒಮ್ಮೆ ನೆಲಕ್ಕೆ ಪುಟಿಸಿ ಕೊಡಿ. ಮತ್ತೆ ಕಣ್ಣು ಮುಚ್ಚಿದರೆ ಉಂಡೆಗೇ ಮರಳಿ. ನಮ್ಮ ಕೊಡಗಿನವರಿಗೆ ಹಾಕಿ ಸ್ಟಿಕ್ ಕೊಡಿಸುವ ಅವಸರ ಜಾಸ್ತಿ. ಅದು ಸ್ವಲ್ಪ ಕಾಯಲಿ.